ಅಸಮಾನತೆ ಬಗ್ಗೆ ಪ್ರಬಂಧ: ವಾದಕ್ಕೆ ನಿಲ್ಲುವ ಒಂದು ಸಾಲು ಬರೆಯುವುದು ಹೇಗೆ?

“ಬಿಎ ಮೊದಲ ವರ್ಷ, ಸಮಾಜಶಾಸ್ತ್ರ. ‘ಶಿಕ್ಷಣ ಮತ್ತು ಅಸಮಾನತೆ: ಚರ್ಚಿಸಿ’ ಅಂತ ಕೊಟ್ಟಿದ್ದಾರೆ, 1500 ಪದ. ಥೀಸಿಸ್ ಸ್ಟೇಟ್‌ಮೆಂಟ್ ಇರಲೇಬೇಕಂತೆ. ಏನು ಬರೆದರೂ ತೀರಾ ಸಾಮಾನ್ಯ ಅನಿಸ್ತಿದೆ. ಏನ್ ಮಾಡ್ಲಿ?”

ನಾನು ಮೊದಲ ವರ್ಷದಲ್ಲಿ ‘ನಮ್ಮ ಸಮಾಜದ ಎಲ್ಲ ರಂಗಗಳಲ್ಲೂ ಅಸಮಾನತೆ ಇದೆ’ ಎಂದು ಶುರು ಮಾಡಿದ್ದೆ. ಮೇಷ್ಟ್ರು ಪಕ್ಕದಲ್ಲಿ ‘ಯಾರು ಇಲ್ಲ ಅಂದ್ರು?’ ಎಂದು ಬರೆದು ವಾಪಸ್ ಕೊಟ್ಟರು. ಅವತ್ತಿನಿಂದ ನನಗೆ ಅದೇ ಪರೀಕ್ಷೆ. ತಿಳಿದವರು ಯಾರೂ ‘ಇಲ್ಲ’ ಅನ್ನದಂಥ ಸಾಲು ಥೀಸಿಸ್ ಅಲ್ಲ, ಸುಮ್ನೆ ವಿಷಯದ ಹೆಸರು.

ಮೊದಲು ‘ಶಿಕ್ಷಣ’ವನ್ನು ಒಂದು ಜಾಗಕ್ಕೆ ಇಳಿಸಿ. ಆರ್‌ಟಿಇ ಸೀಟನ್ನೇ ತಗೊಳ್ಳಿ. 2009ರ ಶಿಕ್ಷಣ ಹಕ್ಕು ಕಾಯ್ದೆ, ಅಂದರೆ ಆರ್‌ಟಿಇ, ಖಾಸಗಿ ಶಾಲೆಗಳಲ್ಲಿ ಕನಿಷ್ಠ ಶೇ. 25 ಸೀಟು ಬಡ ಮತ್ತು ಹಿಂದುಳಿದ ಕುಟುಂಬದ ಮಕ್ಕಳಿಗೆ ಎಂದಿತು. ಎಂಟನೇ ತರಗತಿವರೆಗೆ ಫೀಸಿಲ್ಲ. ಕರ್ನಾಟಕ 2019ರಲ್ಲಿ ನಿಯಮ ಬದಲಿಸಿತು: ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಈ ಸೀಟಿಲ್ಲ. ಹಾಗಾಗಿ ‘2019ಕ್ಕೆ ಮೊದಲು ಸೇರಿದ ಮಕ್ಕಳು’ ಎಂದು ಗೆರೆ ಹಾಕಿಕೊಳ್ಳಿ.

ಈಗ ‘ಆರ್‌ಟಿಇಯಿಂದ ಅಸಮಾನತೆ ಪೂರ್ತಿ ಹೋಗಲಿಲ್ಲ’ ಎಂದು ಬರೆಯಬಹುದು. ಇದೂ ಸಪ್ಪೆಯೇ, ಯಾಕೆ ಹೋಗಲಿಲ್ಲ ಅನ್ನುವುದು ಇಲ್ಲವಲ್ಲ. ಇಲ್ಲಿ ಫ್ರೆಂಚ್ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ಡಿಯು ಕೈಹಿಡಿಯುತ್ತಾರೆ. ಭಾಷೆ, ಪುಸ್ತಕದ ಒಡನಾಟ, ಮಾತಾಡುವ ರೀತಿ ಮಕ್ಕಳಿಗೆ ಮನೆಯಿಂದ ಬರುತ್ತವೆ. ಶಾಲೆ ಅದನ್ನು ತಾನು ಕಲಿಸದೆಯೇ ಅದಕ್ಕೆ ಅಂಕ ಕೊಡುತ್ತದೆ. ಅವರು ಇದನ್ನು ಸಾಂಸ್ಕೃತಿಕ ಬಂಡವಾಳ ಎಂದರು. ಸೇರಿಸಿ ನೋಡಿ:

‘2019ಕ್ಕೆ ಮೊದಲು ಆರ್‌ಟಿಇ ಸೀಟು ಪಡೆದ ಮಕ್ಕಳು ಹಿಂದೆ ಬಿದ್ದದ್ದಕ್ಕೆ ಮುಖ್ಯ ಕಾರಣ ಹಣವಲ್ಲ; ಮನೆಯಲ್ಲಿ ಇಂಗ್ಲಿಷ್ ಓದಿಸುವವರು ಇದ್ದೇ ಇರುತ್ತಾರೆ ಎಂದು ಶಾಲೆ ಅಂದುಕೊಂಡದ್ದು.’

ಇದಕ್ಕೆ ‘ಇಲ್ಲ’ ಅನ್ನುವವರು ಖಂಡಿತ ಸಿಗುತ್ತಾರೆ. ‘ಫೀಸು ಇಲ್ಲದಿದ್ದರೇನು, ಯೂನಿಫಾರ್ಮು, ವ್ಯಾನು, ಟ್ಯೂಷನ್ನಿಗೆ ದುಡ್ಡು ಬೇಡ್ವಾ?’ ಅನ್ನುತ್ತಾರೆ. ಒಳ್ಳೆಯ ವಾದವೇ. ಪ್ರಬಂಧದ ಅರ್ಧ ಭಾಗ ಈ ಜಗಳಕ್ಕೇ ಇರಲಿ. ಟ್ಯೂಷನ್ ಅಂತೂ ಎರಡೂ ಕಡೆ ಎಳೆಯುತ್ತದೆ. ಅದಕ್ಕೆ ಬೇಕಾದ್ದು ದುಡ್ಡು, ಆದರೆ ಟ್ಯೂಷನ್ ಬೇಕಾಗಿದ್ದೇ ಮನೆಯಲ್ಲಿ ಹೇಳಿಕೊಡುವವರು ಇಲ್ಲ ಅಂತ, ಅಲ್ವಾ?

‘ಸರ್ಕಾರ ಕ್ರಮ ಕೈಗೊಳ್ಳಬೇಕು’ ಎಂದು ಮಾತ್ರ ಥೀಸಿಸ್ ಮುಗಿಸಬೇಡಿ. ಹಾಗೆಂದರೆ ಮನವಿ ಪತ್ರವಾಗುತ್ತದೆ, ನಿಮ್ಮನ್ನು ಕೇಳಿರುವುದು ಕಾರಣ.

ಕೊನೆಗೆ, ನಿಮ್ಮ ಸಾಲು ಯಾವಾಗ ಸುಳ್ಳಾಗುತ್ತದೆ ಎಂದು ಕೇಳಿಕೊಳ್ಳಿ. ಆರ್‌ಟಿಇ ಮಕ್ಕಳನ್ನೇ ಎರಡು ಗುಂಪು ಮಾಡಿ: ಆದಾಯ ಹೆಚ್ಚುಕಡಿಮೆ ಒಂದೇ, ಆದರೆ ಒಂದು ಗುಂಪಿನ ತಾಯಂದಿರಿಗೆ ಇಂಗ್ಲಿಷ್ ಓದಲು ಬರುತ್ತದೆ, ಇನ್ನೊಂದರಲ್ಲಿ ಬರುವುದಿಲ್ಲ. ಇಬ್ಬರೂ ಒಂದೇ ಥರ ಕಲಿಯುತ್ತಿದ್ದರೆ ನಿಮ್ಮ ಥೀಸಿಸ್ ಬಿತ್ತು. ಲೈಬ್ರರಿಯಲ್ಲಿ ಹುಡುಕಬೇಕಾದ್ದು ಈ ಹೋಲಿಕೆಯನ್ನೇ. ಸಿಗದಿದ್ದರೆ ‘ಮುಖ್ಯ ಕಾರಣ’ ಅನ್ನುವುದನ್ನು ‘ಒಂದು ಕಾರಣ’ಕ್ಕೆ ಇಳಿಸಿ.