ಜಕಾರ್ತಾ ದೊಡ್ಡದೋ ಟೋಕಿಯೊ ದೊಡ್ಡದೋ?

ಪ್ರಶ್ನೆ: ಸರ್, ನಾನು ಕೊಪ್ಪಳದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ನನ್ನ ಪುಸ್ತಕದಲ್ಲಿ ಜಗತ್ತಿನ ಅತಿ ದೊಡ್ಡ ನಗರ ಟೋಕಿಯೊ ಅಂತಿದೆ. ಈಚಿನ ಸುದ್ದಿಗಳಲ್ಲಿ ಜಕಾರ್ತಾ ಅಂತಾರೆ. ಇನ್ನೊಂದು ಕಡೆ ಚೀನಾದ ಚೊಂಗ್‌ಚಿಂಗ್ ಅಂತ ಓದಿದೆ. ಯಾವುದು ಸರಿ? ಮೆಗಾಸಿಟಿ ಅನ್ನಿಸಿಕೊಳ್ಳೋಕೆ ಎಷ್ಟು ಜನ ಇರಬೇಕು? ಬೆಂಗಳೂರು ಅದರಲ್ಲಿ ಬರುತ್ತೋ ಇಲ್ವೋ?

ಉತ್ತರ: ಮೆಗಾಸಿಟಿ ಅನ್ನಿಸಿಕೊಳ್ಳಲು ಗಡಿ 1 ಕೋಟಿ ಜನ. ಮೊದಲು ವಿಶ್ವಸಂಸ್ಥೆ 80 ಲಕ್ಷವನ್ನೇ ಗಡಿ ಮಾಡಿಕೊಂಡಿತ್ತು, ಆಮೇಲೆ ಅದನ್ನು 1 ಕೋಟಿಗೆ ಏರಿಸಿತು. ಈ ಅಂಕಿಯ ಹಿಂದೆ ದೊಡ್ಡ ಸಿದ್ಧಾಂತವೇನೂ ಇಲ್ಲ. 99 ಲಕ್ಷ ಜನರಿರುವ ಊರಿಗೂ 1 ಕೋಟಿ ಜನರಿರುವ ಊರಿಗೂ ನೀರು, ಬಸ್ಸು, ಕಸದ ಪಾಡು ಒಂದೇ. ಪಟ್ಟಿಗಳು ಬೇರೆಬೇರೆ ಆಗುವುದು ಈ ಗಡಿಯಿಂದಲ್ಲ. ಊರು ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ಒಬ್ಬೊಬ್ಬರು ಒಂದೊಂದು ಥರ ಹಿಡಿಯುವುದರಿಂದ.

ನಿಮ್ಮ ಊರನ್ನೇ ತೆಗೆದುಕೊಳ್ಳಿ. ಕೊಪ್ಪಳದಲ್ಲಿ ರೈಲು ಹಳಿ ದಾಟಿದರೆ ಭಾಗ್ಯನಗರ. ಇಲ್ಲಿ ನಗರಸಭೆ, ಅಲ್ಲಿ ಪಟ್ಟಣ ಪಂಚಾಯಿತಿ. ಕಾಗದದ ಮೇಲೆ ಎರಡು ಊರು, ಓಡಾಡುವವರಿಗೆ ಒಂದೇ ಊರು. ಕೊಪ್ಪಳದ ಜನಸಂಖ್ಯೆ ಎಷ್ಟು ಅಂತ ಕೇಳಿದರೆ ಭಾಗ್ಯನಗರವನ್ನು ಸೇರಿಸಬೇಕೋ ಬೇಡವೋ? ಸೇರಿಸಿದರೂ ತಪ್ಪಲ್ಲ, ಬಿಟ್ಟರೂ ತಪ್ಪಲ್ಲ. ಆದರೆ ಉತ್ತರ ಎರಡಾಗುತ್ತದೆ.

ಇದೇ ತೊಡಕು ಕೋಲ್ಕತ್ತಾದಲ್ಲಿ ಎಷ್ಟು ದೊಡ್ಡದಾಗುತ್ತದೆ ನೋಡಿ. 2011ರ ಜನಗಣತಿಯ ಪ್ರಕಾರ ಕೋಲ್ಕತ್ತಾ ಪಾಲಿಕೆಯೊಳಗೆ ಇದ್ದವರು ಸುಮಾರು 45 ಲಕ್ಷ. ಹೌರಾ ಮತ್ತು ಹೂಗ್ಲಿ ನದಿಯ ಎರಡೂ ದಡದ ಊರುಗಳನ್ನು ಸೇರಿಸಿದ ನಗರ ಸಮೂಹದಲ್ಲಿ ಇದ್ದವರು ಸುಮಾರು 1.41 ಕೋಟಿ. ಒಂದೇ ವರ್ಷ, ಒಂದೇ ಜನಗಣತಿ. ಮೊದಲ ಲೆಕ್ಕದಲ್ಲಿ ಕೋಲ್ಕತ್ತಾ ಮೆಗಾಸಿಟಿ ಅಲ್ಲ. ಎರಡನೆಯದರಲ್ಲಿ ದೇಶದ ಮೂರು ಮೆಗಾಸಿಟಿಗಳಲ್ಲಿ ಒಂದು. ಉಳಿದೆರಡು ಮುಂಬೈ ಮತ್ತು ದೆಹಲಿ.

ಟೋಕಿಯೊ ಕಥೆಯೂ ಇದೇ. ಅದರ ನಡುವಿನ 23 ವಾರ್ಡುಗಳಲ್ಲಿ 2020ರಲ್ಲಿ ಇದ್ದವರು ಸುಮಾರು 97 ಲಕ್ಷ, ಅಂದರೆ 1 ಕೋಟಿಗೂ ಕಡಿಮೆ. ಟೋಕಿಯೊ ಪ್ರಾಂತ್ಯ ಪೂರ್ತಿ ಹಿಡಿದರೆ ಸುಮಾರು 1.4 ಕೋಟಿ. ಯೊಕೊಹಾಮಾ, ಕವಾಸಾಕಿ, ಸೈತಾಮಾದಂಥ ಪಕ್ಕದ ಊರುಗಳನ್ನೂ ಕೂಡಿಸಿದರೆ 3.7 ಕೋಟಿ. ನಿಮ್ಮ ಪುಸ್ತಕದಲ್ಲಿರುವುದು ಈ ಕೊನೆಯ ಲೆಕ್ಕ. ವಿಶ್ವಸಂಸ್ಥೆಯ 2018ರ ವರದಿಯಲ್ಲಿ ಟೋಕಿಯೊ ಮೊದಲ ಸ್ಥಾನದಲ್ಲಿತ್ತು, ದೆಹಲಿ ಎರಡನೆಯದು.

ಆ ವರದಿಯಲ್ಲಿ ಒಂದು ಕೊರತೆ ಇತ್ತು. ನಗರದ ಗಡಿ ಯಾವುದು ಅನ್ನುವುದನ್ನು ಆಯಾ ದೇಶ ಹೇಳಿದಂತೆ ಒಪ್ಪಿಕೊಂಡು ಲೆಕ್ಕ ಹಾಕುತ್ತಿದ್ದರು. ಜಪಾನಿನವರು ನಡುವಿನ ನಗರಕ್ಕೆ ದಿನಾ ಕೆಲಸಕ್ಕೆ, ಓದಿಗೆ ಹೋಗಿಬರುವವರು ಇರುವ ದೂರದ ಊರುಗಳನ್ನೂ ಟೋಕಿಯೊ ಜೊತೆ ಸೇರಿಸಿದ್ದರು. ಇಂಡೋನೇಷ್ಯಾದ ಅಂಕಿಯಲ್ಲಿ ಜಕಾರ್ತಾದ ಆಡಳಿತ ಗಡಿಯೊಳಗಿನ ಜನ ಮಾತ್ರ ಇದ್ದರು. ಹಾಗಾಗಿ 2018ರ ಪಟ್ಟಿಯಲ್ಲಿ ಜಕಾರ್ತಾಕ್ಕೆ ಸಿಕ್ಕಿದ್ದು ಬರೀ 1.05 ಕೋಟಿ. ಅಲ್ಲಿಂದ ಬೊಗೋರ್, ಡೆಪೋಕ್, ತಾಂಗೆರಾಂಗ್, ಬೆಕಾಸಿಗಳವರೆಗೆ ಎಡೆಬಿಡದೆ ಹಬ್ಬಿರುವ ಊರು ಆ ಅಂಕಿಯಲ್ಲಿ ಇರಲೇ ಇಲ್ಲ.

2025ರ ನವೆಂಬರ್‌ನಲ್ಲಿ ಬಂದ ವಿಶ್ವಸಂಸ್ಥೆಯ ವರದಿ ಎಲ್ಲ ದೇಶಗಳಿಗೂ ಒಂದೇ ಅಳತೆ ಹಿಡಿಯಿತು. ಅದು ಹೀಗೆ: ಭೂಮಿಯನ್ನು 1 ಚದರ ಕಿಲೋಮೀಟರಿನ ಚೌಕಗಳಾಗಿ ಹಂಚುತ್ತಾರೆ. ಒಂದು ಚೌಕದಲ್ಲಿ ಕನಿಷ್ಠ 1,500 ಜನ ಇದ್ದರೆ ಅದನ್ನು ಗುರುತು ಹಾಕುತ್ತಾರೆ. ಒಂದಕ್ಕೊಂದು ತಾಗಿಕೊಂಡ ಇಂಥ ಚೌಕಗಳನ್ನು ಒಟ್ಟು ಮಾಡುತ್ತಾರೆ. ಆ ಗುಂಪಿನಲ್ಲಿ ಕನಿಷ್ಠ 50,000 ಜನ ಇದ್ದರೆ ಅದು ನಗರ. ಪಾಲಿಕೆ ಗಡಿ, ಜಿಲ್ಲೆಯ ಗಡಿ ಯಾವುದನ್ನೂ ಕೇಳುವುದಿಲ್ಲ. ಕೊಪ್ಪಳ, ಭಾಗ್ಯನಗರದಂಥ ಕೂಡಿಕೊಂಡ ಊರುಗಳ ನಡುವೆ ಹಳಿ ಇದ್ದರೇನು, ಕಚೇರಿ ಬೇರೆ ಇದ್ದರೇನು, ಚೌಕಗಳು ತಾಗಿಕೊಂಡರೆ ಒಂದೇ ನಗರ. ಕೊಪ್ಪಳ ಮತ್ತು ಗಂಗಾವತಿ ಕೂಡಿಕೊಳ್ಳುವುದಿಲ್ಲ, ಯಾಕೆಂದರೆ ನಡುವೆ ಹೊಲಗದ್ದೆ ಬರುತ್ತವೆ, ಅಲ್ಲಿ ಚೌಕಕ್ಕೆ 1,500 ಜನ ಇರುವುದಿಲ್ಲ.

ಈ ಅಳತೆಯಲ್ಲಿ ಜಕಾರ್ತಾ ಸುಮಾರು 4.2 ಕೋಟಿಗೆ ಏರಿತು. ಢಾಕಾ ಸುಮಾರು 3.7 ಕೋಟಿ, ಟೋಕಿಯೊ 3.3 ಕೋಟಿಗೆ ಇಳಿಯಿತು. ಏಳು ವರ್ಷದಲ್ಲಿ ಜಕಾರ್ತಾಕ್ಕೆ 3 ಕೋಟಿ ಜನ ಬಂದು ಸೇರಿದರು ಅಂತ ಇದನ್ನು ಓದಬೇಡಿ. ಆ ಜನ ಮೊದಲೂ ಅಲ್ಲೇ ಇದ್ದರು, ಎಣಿಕೆಗೆ ಬಂದಿರಲಿಲ್ಲ ಅಷ್ಟೆ. ಈ ಲೆಕ್ಕದ ಪ್ರಕಾರ 1975ರಲ್ಲಿ 8 ಮೆಗಾಸಿಟಿ ಇದ್ದವು, 2025ರಲ್ಲಿ 33.

ಹೊಸ ಅಳತೆ ನನಗೆ ಹೆಚ್ಚು ನ್ಯಾಯವಾಗಿ ಕಾಣುತ್ತದೆ, ದೇಶದೇಶಗಳನ್ನು ಹೋಲಿಸಬಹುದು ಅನ್ನುವ ಕಾರಣಕ್ಕೆ. ಆದರೆ ಅದಕ್ಕೂ ಮಿತಿ ಇದೆ. ಜಾವಾ ದ್ವೀಪದಲ್ಲಿ, ಬಾಂಗ್ಲಾದೇಶದಲ್ಲಿ ಹಳ್ಳಿಗಳೇ ಬಹಳ ಒತ್ತೊತ್ತಾಗಿವೆ. ಅಲ್ಲಿ ಚೌಕದಿಂದ ಚೌಕಕ್ಕೆ ಕೊಂಡಿ ಬೆಳೆಯುತ್ತಾ ಹೋಗಿ, ರಾಜಧಾನಿಗೆ ಎಂದೂ ಹೋಗದ ರೈತನೂ ರಾಜಧಾನಿಯ ಲೆಕ್ಕಕ್ಕೆ ಸೇರಬಹುದು. ಇನ್ನೊಂದು ವಿಷಯ. ಯಾರೂ ಚೌಕ ಚೌಕಕ್ಕೆ ಹೋಗಿ ತಲೆ ಎಣಿಸುವುದಿಲ್ಲ. ಜನಗಣತಿಯ ಅಂಕಿಯನ್ನು ಉಪಗ್ರಹ ಚಿತ್ರದಲ್ಲಿ ಕಾಣುವ ಕಟ್ಟಡಗಳ ಮೇಲೆ ಹಂಚುತ್ತಾರೆ. ಜನಗಣತಿ ಹಳೆಯದಾದರೆ ಹಂಚಿಕೆಯೂ ಅಂದಾಜೇ.

ಚೊಂಗ್‌ಚಿಂಗ್ ವಿಷಯ ಬೇರೆ. ಅದು ಹೆಸರಿಗೆ ನಗರ, ಆದರೆ ಆಡಳಿತದಲ್ಲಿ ಒಂದು ಪ್ರಾಂತ್ಯದಷ್ಟು. ವಿಸ್ತೀರ್ಣ ಸುಮಾರು 82,000 ಚದರ ಕಿ.ಮೀ. ಕರ್ನಾಟಕದ ಐದರಲ್ಲಿ ಎರಡು ಪಾಲಿಗಿಂತ ಜಾಸ್ತಿ! ಅಲ್ಲಿನ 3.2 ಕೋಟಿ ಜನರಲ್ಲಿ ಬೆಟ್ಟದ ಹಳ್ಳಿಗಳವರೂ ಇದ್ದಾರೆ. ನಮ್ಮಲ್ಲಿ ಹಾಗೆ ಮಾಡಿದರೆ ಏನಾಗುತ್ತದೆ ಗೊತ್ತಾ? 2011ರಲ್ಲಿ ಬಳ್ಳಾರಿ ಪಾಲಿಕೆಯ ಜನ ಸುಮಾರು 4.1 ಲಕ್ಷ. ಆಗ ಹೊಸಪೇಟೆಯೂ ಇದ್ದ ಅವಿಭಜಿತ ಜಿಲ್ಲೆಯ ಜನ 24.5 ಲಕ್ಷ. ಜಿಲ್ಲೆ ಪೂರ್ತಿ ಬಳ್ಳಾರಿ ನಗರ ಅಂತ ಕರೆದಿದ್ದರೆ ನಗರ ಆರು ಪಟ್ಟು ಬೆಳೆದುಬಿಡುತ್ತಿತ್ತು. ಹೀಗೆ ಹಿಗ್ಗಿದ ಅಂಕಿಯನ್ನು ಹಿಡಿಯುವ ದಾರಿ ಸುಲಭ. ಜನಸಂಖ್ಯೆಯನ್ನು ವಿಸ್ತೀರ್ಣದಿಂದ ಭಾಗಿಸಿ. ಆ ಬಳ್ಳಾರಿಗೆ ಚದರ ಕಿ.ಮೀ.ಗೆ ಸುಮಾರು 290 ಬರುತ್ತದೆ, ಚೊಂಗ್‌ಚಿಂಗ್‌ಗೆ ಸುಮಾರು 390. ನಗರಕ್ಕೆ ಬೇಕಾದ 1,500ರ ಹತ್ತಿರವೂ ಇಲ್ಲ. ಆದ್ದರಿಂದ ಚೊಂಗ್‌ಚಿಂಗ್ ಅತಿ ದೊಡ್ಡ ನಗರ ಅನ್ನುವುದನ್ನು ಬಿಟ್ಟುಬಿಡಿ.

ಬೆಂಗಳೂರಿಗೆ ಬರೋಣ. 2011ರ ಜನಗಣತಿಯಲ್ಲಿ ಬೆಂಗಳೂರು ನಗರ ಸಮೂಹದ ಜನ ಸುಮಾರು 85 ಲಕ್ಷ. ಆ ಲೆಕ್ಕದಲ್ಲಿ ಮೆಗಾಸಿಟಿ ಅಲ್ಲ. ವಿಶ್ವಸಂಸ್ಥೆಯ 2018ರ ಅಂದಾಜಿನಲ್ಲಿ 1.1 ಕೋಟಿ ದಾಟಿದೆ, ಅಲ್ಲಿ ಹೌದು. ಮೊದಲನೆಯದು ಎಣಿಸಿದ ಅಂಕಿ, ಎರಡನೆಯದು ಮುಂದುವರಿಸಿ ಹಾಕಿದ ಅಂದಾಜು. 2021ರ ಜನಗಣತಿ ನಡೆಯದ ಕಾರಣ, 2027ರ ಗಣತಿಯ ಅಂಕಿ ಬರುವ ತನಕ ನಮ್ಮ ಯಾವ ನಗರದ ಹೊಸ ಸಂಖ್ಯೆಯೂ ಅಂದಾಜೇ.

ಪರೀಕ್ಷೆಯಲ್ಲಿ ಪ್ರಶ್ನೆಯೊಳಗೆ ವರದಿಯ ವರ್ಷ ಇದೆಯಾ ನೋಡಿ. ವಿಶ್ವಸಂಸ್ಥೆ 2025 ಅಂತ ಇದ್ದರೆ ಜಕಾರ್ತಾ, 2018 ಅಂತ ಇದ್ದರೆ ಟೋಕಿಯೊ. ಭಾರತದ ಜನಗಣತಿ 2011 ಅಂತ ಇದ್ದರೆ ಮೂರೇ ಮೆಗಾಸಿಟಿ, ಅದರಲ್ಲಿ ಬೆಂಗಳೂರು ಇಲ್ಲ. ವರ್ಷ ಹೇಳದೆ ಕೇಳಿದರೆ ವಿಶ್ವಸಂಸ್ಥೆಯ ಇತ್ತೀಚಿನ ವರದಿಯನ್ನೇ ಹಿಡಿಯಿರಿ.