ತಲಾ ಆದಾಯ 3 ಲಕ್ಷ. ಹಾಗಾದರೆ ನಮ್ಮ ಮನೆಗೆ ಬರಬೇಕಾದ 15 ಲಕ್ಷ ಎಲ್ಲಿ?

ಓದುಗರ ಪತ್ರ: ಕರ್ನಾಟಕದ ತಲಾ ಆದಾಯ ವರ್ಷಕ್ಕೆ 3 ಲಕ್ಷ ರೂಪಾಯಿ ದಾಟಿದೆ ಎಂದು ನಿಮ್ಮ ಪತ್ರಿಕೆಯಲ್ಲಿ ಓದಿದೆ. ನಮ್ಮ ಮನೆಯಲ್ಲಿ ಐದು ಜನ. ಆ ಲೆಕ್ಕಕ್ಕೆ ನಮಗೆ 15 ಲಕ್ಷ ಬರಬೇಕಿತ್ತು. ನಮ್ಮೂರಲ್ಲಿ ಅಷ್ಟು ದುಡಿಯುವ ಮನೆಗಳು ಬೆರಳೆಣಿಕೆಯಷ್ಟೂ ಇಲ್ಲ. ಅಂಕಿ ಸುಳ್ಳೋ, ನಾನು ಓದಿಕೊಂಡ ರೀತಿ ತಪ್ಪೋ? ನಮ್ಮೂರಿನ ಆದಾಯವನ್ನು ನಾವೇ ಲೆಕ್ಕ ಹಾಕುವುದಾದರೆ ಹೇಗೆ?
— ಓದುಗರೊಬ್ಬರು, ಕಲಬುರಗಿ ಜಿಲ್ಲೆ

ಸಂಪಾದಕರ ಉತ್ತರ: ಅಂಕಿ ಸುಳ್ಳಲ್ಲ. ಆದರೆ ಅದು ಮನೆಗಳಿಗೆ ಬರುವ ಹಣವನ್ನು ಅಳೆಯಲು ಮಾಡಿದ ಅಂಕಿಯೇ ಅಲ್ಲ. ರಾಜ್ಯದಲ್ಲಿ ಒಂದು ವರ್ಷ ನಡೆದ ಉತ್ಪಾದನೆಯ ನಿವ್ವಳ ಮೌಲ್ಯವನ್ನು ಒಟ್ಟು ಜನಸಂಖ್ಯೆಯಿಂದ ಭಾಗಿಸಿದರೆ ತಲಾ ಆದಾಯ ಸಿಗುತ್ತದೆ. ಕಂಪನಿಗಳು ಹಂಚದೆ ತಮ್ಮಲ್ಲೇ ಉಳಿಸಿಕೊಂಡ ಲಾಭವೂ ಆ ಮೊತ್ತದಲ್ಲಿ ಸೇರಿದೆ. ತೊಟ್ಟಿಲ ಕೂಸಿನಿಂದ ಹಿಡಿದು ಮುದುಕರವರೆಗೆ ಎಲ್ಲರೂ ಭಾಜಕದಲ್ಲಿದ್ದಾರೆ. ಜೊತೆಗೆ ಆ ಉತ್ಪಾದನೆ ರಾಜ್ಯದಲ್ಲಿ ಸಮನಾಗಿ ಹರಡಿಲ್ಲ. 2011ರ ಜನಗಣತಿಯ ಪ್ರಕಾರ ಬೆಂಗಳೂರು ನಗರ ಜಿಲ್ಲೆಯಲ್ಲಿದ್ದವರು ರಾಜ್ಯದ ಜನರಲ್ಲಿ ಶೇ 16ರಷ್ಟು. ರಾಜ್ಯದ ಉತ್ಪನ್ನದಲ್ಲಿ ಆ ಒಂದು ಜಿಲ್ಲೆಯ ಪಾಲು ಮಾತ್ರ ಮೂರನೇ ಒಂದಕ್ಕಿಂತ ಹೆಚ್ಚು. ಜಿಲ್ಲಾವಾರು ತಲಾ ಆದಾಯದ ಪಟ್ಟಿಯಲ್ಲಿ ನಿಮ್ಮ ಕಲಬುರಗಿ ಕೊನೆಯ ಸಾಲಿನಲ್ಲಿರುತ್ತದೆ.

ಸರಿ, ಮನೆಗಳ ಆದಾಯವನ್ನೇ ನೇರವಾಗಿ ಕೇಳಿ ಸರಾಸರಿ ತೆಗೆದರೆ? ಆಗಲೂ ದಾರಿ ತಪ್ಪುವ ಸಾಧ್ಯತೆ ಇದೆ. ಒಂದು ಉದಾಹರಣೆ ಮಾಡಿ ನೋಡೋಣ. ಒಂದು ಓಣಿಯಲ್ಲಿ 11 ಮನೆಗಳಿವೆ ಎಂದಿಟ್ಟುಕೊಳ್ಳಿ. ತಿಂಗಳ ಆದಾಯವನ್ನು ಕಡಿಮೆಯಿಂದ ಹೆಚ್ಚಿಗೆ ಜೋಡಿಸಿದರೆ ಹೀಗಿದೆ: 8,000, 9,000, 10,000, 11,000, 12,000, 13,000, 14,000, 16,000, 18,000, 24,000 ಮತ್ತು ಕೊನೆಯದು 1,50,000. ಆ ಕೊನೆಯ ಮನೆಯವರದು ಕಲ್ಲಿನ ಕ್ರಷರ್ ಇದೆ ಎನ್ನೋಣ.

ಎಲ್ಲ ಕೂಡಿದರೆ 2,85,000. ಹನ್ನೊಂದರಿಂದ ಭಾಗಿಸಿದರೆ ಸರಾಸರಿ 25,909 ರೂಪಾಯಿ. ಈಗ ಪಟ್ಟಿಯನ್ನು ಮತ್ತೆ ನೋಡಿ. ಹನ್ನೊಂದರಲ್ಲಿ ಹತ್ತು ಮನೆಗಳು ಈ ಸರಾಸರಿಗಿಂತ ಕೆಳಗಿವೆ. ಸುಮಾರು 26,000 ಗಳಿಸುವ ಮನೆ ಆ ಓಣಿಯಲ್ಲಿ ಒಂದೂ ಇಲ್ಲ.

ಮಧ್ಯಾಂಕ ಎಂದರೆ ಜೋಡಿಸಿದ ಪಟ್ಟಿಯಲ್ಲಿ ನಟ್ಟನಡುವೆ ನಿಲ್ಲುವ ಬೆಲೆ. ಮನೆಗಳ ಸಂಖ್ಯೆಗೆ ಒಂದು ಕೂಡಿ ಎರಡರಿಂದ ಭಾಗಿಸಿದರೆ ಸ್ಥಾನ ಸಿಗುತ್ತದೆ: 12 ÷ 2 = 6. ಆರನೆಯ ಮನೆಯ ಆದಾಯ 13,000, ಅದೇ ಮಧ್ಯಾಂಕ. ಐದು ಮನೆ ಅದರ ಕೆಳಗೆ, ಐದು ಮೇಲೆ. ಕ್ರಷರ್ ಮನೆಯನ್ನು ಪಟ್ಟಿಯಿಂದ ತೆಗೆದರೆ ಉಳಿದ ಹತ್ತರ ಸರಾಸರಿ 13,500ಕ್ಕೆ ಕುಸಿಯುತ್ತದೆ. ಮನೆಗಳ ಸಂಖ್ಯೆ ಸಮವಾದ್ದರಿಂದ ಮಧ್ಯಾಂಕಕ್ಕೆ ನಡುವಿನ ಎರಡು ಬೆಲೆಗಳ, ಅಂದರೆ 12,000 ಮತ್ತು 13,000ರ ಅರ್ಧ ತೆಗೆದುಕೊಳ್ಳಬೇಕು: 12,500. ಒಂದೇ ಮನೆ ಸರಾಸರಿಯನ್ನು ಹತ್ತಿರ ಹತ್ತಿರ ಇಮ್ಮಡಿ ಮಾಡಿತ್ತು. ಮಧ್ಯಾಂಕವನ್ನು ಕದಲಿಸಿದ್ದು 500 ರೂಪಾಯಿಯಷ್ಟು.

ಬೆಳವಣಿಗೆಯ ಲೆಕ್ಕದಲ್ಲಿ ಇದು ಇನ್ನೂ ಅಪಾಯಕಾರಿ. ಮರುವರ್ಷ ಕ್ರಷರ್ ಮನೆಯ ಆದಾಯ 3 ಲಕ್ಷಕ್ಕೆ ಏರಿತು, ಉಳಿದ ಹತ್ತು ಮನೆಗಳಿಗೆ ಒಂದು ರೂಪಾಯಿಯೂ ಹೆಚ್ಚಲಿಲ್ಲ ಎನ್ನಿ. ಸರಾಸರಿ 39,545 ಆಗುತ್ತದೆ. ‘ಓಣಿಯ ಆದಾಯ ಶೇ 53 ಏರಿಕೆ’ ಎಂದು ಯಾರಾದರೂ ಬರೆದರೆ ಗಣಿತದಲ್ಲಿ ತಪ್ಪು ಹುಡುಕಲಾಗದು. ಮಧ್ಯಾಂಕ ಅದೇ 13,000ದಲ್ಲಿ ನಿಂತಿರುತ್ತದೆ.

ಜನರ ಎತ್ತರದ ಸರಾಸರಿ ಹೀಗೆ ಮೋಸ ಮಾಡುವುದಿಲ್ಲ, ಆದಾಯದ್ದು ಮಾಡುತ್ತದೆ. ಸಾಮಾನ್ಯವಾಗಿ ಆದಾಯಕ್ಕೆ ಕೆಳಗೆ ಸೊನ್ನೆಯ ನೆಲ ಇದೆ, ಮೇಲೆ ಮಿತಿ ಇಲ್ಲ. ಮೇಲಾಗಿ ಬಡ್ಡಿ, ಬಾಡಿಗೆ, ವ್ಯಾಪಾರದ ಲಾಭ ಎಲ್ಲವೂ ಇರುವ ಬಂಡವಾಳದ ಶೇಕಡಾವಾರು ಲೆಕ್ಕದಲ್ಲಿ ಬೆಳೆಯುತ್ತವೆ. ಇದ್ದವರಿಗೆ ಕೂಡುವ ಮೊತ್ತವೂ ದೊಡ್ಡದು. ಹಾಗಾಗಿ ಪಟ್ಟಿಯ ಮೇಲ್ತುದಿ ಉದ್ದಕ್ಕೆ ಎಳೆದುಕೊಳ್ಳುತ್ತದೆ, ಸರಾಸರಿಯೂ ಅದರ ಹಿಂದೆ ಹೋಗುತ್ತದೆ. ಇದು ನಮ್ಮ ದೇಶಕ್ಕೆ ಸೀಮಿತವಲ್ಲ. ಅಮೆರಿಕದ ಸೆನ್ಸಸ್ ಬ್ಯೂರೋ ವರದಿಯಲ್ಲಿ 2021ರ ಕುಟುಂಬ ಆದಾಯದ ಸರಾಸರಿ ಸುಮಾರು 1,02,000 ಡಾಲರ್, ಮಧ್ಯಾಂಕ ಸುಮಾರು 70,800. ಎರಡೂ ಒಂದೇ ಸಮೀಕ್ಷೆಯವು, ಅವೇ ಕುಟುಂಬಗಳವು. ಸರಾಸರಿಯು ಮಧ್ಯಾಂಕಕ್ಕಿಂತ ಎಷ್ಟು ಮೇಲಿದೆಯೋ ಪಟ್ಟಿ ಅಷ್ಟು ಓರೆ ಎಂದು ತಿಳಿಯಬಹುದು. ನಮ್ಮಲ್ಲಿ ಹೆಚ್ಚಾಗಿ ಸುದ್ದಿಯಾಗುವುದು ಸರಾಸರಿ ಮಾತ್ರ. 2018-19ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಕರ್ನಾಟಕದ ಕೃಷಿ ಕುಟುಂಬದ ತಿಂಗಳ ಆದಾಯ 13,441 ರೂಪಾಯಿ ಎಂದು ಬಂದದ್ದೂ ಸರಾಸರಿಯೇ. ಅದನ್ನು ‘ರಾಜ್ಯದ ಸಾಮಾನ್ಯ ರೈತನ ಆದಾಯ’ ಎಂದು ಓದಬಾರದು.

ನೀವೇ ಲೆಕ್ಕ ಹಾಕುವಾಗ ಮನೆಯನ್ನೇ ಘಟಕವಾಗಿ ಹಿಡಿಯಿರಿ, ಇಡೀ ವರ್ಷದ ಆದಾಯ ಕೇಳಿ. ತೊಗರಿ ಮಾರಿದ ತಿಂಗಳಲ್ಲಿ ಕೇಳಿದರೆ ಒಂದು ಉತ್ತರ, ಬಿತ್ತನೆಯ ತಿಂಗಳಲ್ಲಿ ಇನ್ನೊಂದು. ಬೆಳೆ ಮಾರಿದ ಹಣದಿಂದ ಬೀಜ, ಗೊಬ್ಬರ, ಆಳಿನ ಖರ್ಚು ಕಳೆಯಿರಿ. ಕೂಲಿ, ಹಾಲು, ಊರಿನಿಂದಾಚೆ ದುಡಿಯುವ ಮಗ ಕಳಿಸುವ ಹಣ ಕೂಡಿ. ದೊಡ್ಡ ಮನೆಯವರು ಇದ್ದದ್ದನ್ನು ಇದ್ದಂತೆ ಹೇಳಲಿಕ್ಕಿಲ್ಲ. ಸರಾಸರಿ ಅದರಿಂದ ಕೆಡುತ್ತದೆ. ಮಧ್ಯಾಂಕ ಕೆಡುವುದಿಲ್ಲ, ಕ್ರಷರ್ ಮನೆಯವರು ಒಂದೂವರೆ ಲಕ್ಷವನ್ನು 60,000 ಎಂದರೂ ಅವರು ನಡುವಿನಿಂದ ಮೇಲೆಯೇ ಉಳಿಯುತ್ತಾರೆ. ‘50,000ಕ್ಕಿಂತ ಹೆಚ್ಚು’ ಎಂದಷ್ಟೇ ಬರೆಸಿದರೂ ಸಾಕು.

ಕಂಪ್ಯೂಟರಿನಲ್ಲಿ ಆದಾಯವನ್ನು B ಕಾಲಂನಲ್ಲಿ ತುಂಬಿದರೆ ಸೂತ್ರ ಇಷ್ಟೇ:

```
=AVERAGE(B2:B12)
=MEDIAN(B2:B12)
```

ಜೋಡಿಸುವ ಕೆಲಸವನ್ನು ಅದೇ ಮಾಡಿಕೊಳ್ಳುತ್ತದೆ. ಎಡವಟ್ಟಾಗುವುದು ತುಂಬುವಾಗ. ಆದಾಯವೇ ಇಲ್ಲದ ಮನೆಗೆ 0 ಎಂದು ಬರೆಯಬೇಕು. ಖಾಲಿ ಬಿಟ್ಟರೆ ಆ ಮನೆ ಲೆಕ್ಕಕ್ಕೇ ಬರುವುದಿಲ್ಲ, ಮಧ್ಯಾಂಕ ಮೇಲಕ್ಕೆ ಸರಿಯುತ್ತದೆ. ಉತ್ತರ ಸಿಗದ ಮನೆಯನ್ನು ಮಾತ್ರ ಖಾಲಿ ಬಿಡಿ. ‘12,000 ರೂಪಾಯಿ’ ಎಂದು ಅಕ್ಷರ ಸೇರಿಸಿದ ಕೋಶವನ್ನೂ ಅದು ಸುಮ್ಮನೆ ಬಿಟ್ಟುಬಿಡುತ್ತದೆ. ಹಾಗಾಗಿ `=COUNT(B2:B12)` ಹಾಕಿ, ಉತ್ತರ ಸಿಕ್ಕ ಮನೆಗಳ ಸಂಖ್ಯೆಗೆ ತಾಳೆಯಾಗುತ್ತದೆಯೇ ನೋಡಿ.

ಅಕ್ಕಪಕ್ಕದ ಊರುಗಳನ್ನೂ ಸೇರಿಸುವ ಯೋಚನೆ ಇದ್ದರೆ ಊರೂರಿನ ಮಧ್ಯಾಂಕಗಳನ್ನು ಕೂಡಿ ಭಾಗಿಸಬೇಡಿ. ಸರಾಸರಿಯನ್ನಾದರೆ ಮನೆಗಳ ಸಂಖ್ಯೆಯಿಂದ ಗುಣಿಸಿ ಒಟ್ಟುಗೂಡಿಸಬಹುದು. ಮಧ್ಯಾಂಕಕ್ಕೆ ಎಲ್ಲ ಮನೆಗಳ ಪಟ್ಟಿಯನ್ನು ಒಂದಾಗಿಸಿ ಹೊಸದಾಗಿಯೇ ಹುಡುಕಬೇಕು. ಊರಿನ ಒಟ್ಟು ಆದಾಯ ಎಷ್ಟೆಂದು ಬೇಕಾದಾಗಲೂ ಸರಾಸರಿಯೇ ಬೇಕು. 13,000ವನ್ನು 11ರಿಂದ ಗುಣಿಸಿದರೆ ಓಣಿಯ ಅರ್ಧದಷ್ಟು ಹಣ ಕಾಣೆಯಾಗುತ್ತದೆ.

ಮಧ್ಯಾಂಕಕ್ಕೂ ಕುರುಡು ಮೂಲೆ ಇದೆ. ಬರ ಬಿದ್ದು ಮೇಲಿನ ಪಟ್ಟಿಯ ಮೊದಲ ಐದು ಮನೆಗಳ ಆದಾಯ ಅರ್ಧಕ್ಕಿಳಿದರೂ ಆರನೆಯ ಮನೆ ಆರನೆಯದಾಗಿಯೇ ಇರುತ್ತದೆ, ಮಧ್ಯಾಂಕ 13,000 ಎಂದೇ ಹೇಳುತ್ತದೆ. ಅದಕ್ಕೇ ಕಾಲು ಮತ್ತು ಮುಕ್ಕಾಲು ಸ್ಥಾನದ ಬೆಲೆಗಳನ್ನೂ ಪಕ್ಕದಲ್ಲಿ ಬರೆದಿಡಿ. ನಮ್ಮ 11 ಮನೆಗಳಲ್ಲಿ ಅವು ಮೂರನೆಯ ಮತ್ತು ಒಂಬತ್ತನೆಯ ಮನೆ: 10,000 ಮತ್ತು 18,000. ಬರದ ವರ್ಷ ಕಾಲಿನ ಬೆಲೆ 5,000ಕ್ಕೆ ಬಿದ್ದದ್ದು ಆಗ ಕಣ್ಣಿಗೆ ಬೀಳುತ್ತದೆ.