ವಾರಂಟಿ ಎಷ್ಟು ವರ್ಷ ಅಂತಲ್ಲ, ಹಾಸಿಗೆ ಎಷ್ಟು ಕೆ.ಜಿ. ಅಂತ ಕೇಳಿ

ಪ್ರಶ್ನೆ: ಬ್ರ್ಯಾಂಡಿನ 6 ಇಂಚಿನ ಕ್ವೀನ್ ಹಾಸಿಗೆಗೆ 26,000, ವಾರಂಟಿ 10 ವರ್ಷ. ನಮ್ಮೂರ ಫೋಮ್ ಅಂಗಡಿಯಲ್ಲಿ ಅದೇ ಅಳತೆಯದು 11,000, ವಾರಂಟಿ 3 ವರ್ಷ. ಯಾವುದು ತಗೊಳ್ಳಲಿ?

ನಾನೂ ಆ ‘10 ವರ್ಷ’ ನೋಡಿಯೇ 24,000 ಕೊಟ್ಟಿದ್ದೆ. ಎರಡೂವರೆ ವರ್ಷಕ್ಕೆ ನಾನು ಮಲಗುವ ಕಡೆ ತಗ್ಗು ಬಿತ್ತು, ಬೆಳಗ್ಗೆ ಎದ್ದರೆ ಸೊಂಟ ಹಿಡಿದಿರುತ್ತಿತ್ತು. ಕಂಪನಿಯ ಹುಡುಗ ಬಂದು ಹಾಸಿಗೆಯ ಮೇಲೆ ಅಡ್ಡಲಾಗಿ ದಾರ ಎಳೆದು, ತಗ್ಗಿಗೆ ಸ್ಕೇಲ್ ಇಟ್ಟ. 20 ಮಿಲಿಮೀಟರ್. ವಾರಂಟಿ ಕಾರ್ಡಿನ ಪ್ರಕಾರ ಕ್ಲೇಮ್‌ಗೆ 25 ಬೇಕಿತ್ತು, ಅದೂ ಮೇಲೆ ಯಾರೂ ಇಲ್ಲದಾಗ. ಸೋತ ಫೋಮು ಭಾರಕ್ಕೆ ಪೂರ್ತಿ ಕುಸಿದು, ನಾವು ಎದ್ದ ಮೇಲೆ ಬಹುಪಾಲು ಮೇಲೆ ಬಂದುಬಿಡುತ್ತದೆ. ಹಾಗಾಗಿ ನಮ್ಮ ಸೊಂಟಕ್ಕೆ ಗೊತ್ತಾಗುವ ತಗ್ಗು ದಾರಕ್ಕೆ ಸಿಗುವುದಿಲ್ಲ. ಕ್ಲೇಮ್ ಆಗಲಿಲ್ಲ.

ನನ್ನ ತಪ್ಪು ಆಗಿದ್ದು ಅಂಗಡಿಯಲ್ಲೇ. ಅಂಗೈಯಿಂದ ಒತ್ತಿ ನೋಡಿದೆ, ಗಟ್ಟಿ ಇತ್ತು. ಸೇಲ್ಸ್‌ನವರು ‘ಹೈ ಡೆನ್ಸಿಟಿ’ ಅಂದರು, ನಂಬಿದೆ. ಗಟ್ಟಿತನ ಬೇರೆ, ಡೆನ್ಸಿಟಿ ಬೇರೆ. ಕಡಿಮೆ ಡೆನ್ಸಿಟಿಯ ಫೋಮನ್ನೂ ಗಟ್ಟಿಯಾಗಿ ತಯಾರಿಸಬಹುದು. ಹೊಸದರಲ್ಲಿ ಕೈಗೆ ಒಂದೇ ಥರ ಅನ್ನಿಸುತ್ತದೆ, ಆದರೆ ಬೇಗ ಸೋಲುತ್ತದೆ. ಡೆನ್ಸಿಟಿ ಅಂದರೆ ಒಂದು ಘನ ಮೀಟರ್ ಫೋಮಿನ ತೂಕ, ಅಷ್ಟೇ. ಕೈಗೆ ಗೊತ್ತಾಗಲ್ಲ, ತಕ್ಕಡಿಗೆ ಗೊತ್ತಾಗುತ್ತದೆ.

ಕ್ಲೇಮ್ ತಿರಸ್ಕಾರ ಆದ ಮೇಲೆ ಕವರ್ ಬಿಚ್ಚಿ ತೂಗಿದೆ. 78×60 ಅಳತೆಯಲ್ಲಿ 6 ಇಂಚು ಅಂದರೆ ಸುಮಾರು 0.46 ಘನ ಮೀಟರ್. ಪೂರ್ತಿ 32 ಡೆನ್ಸಿಟಿ ಇದ್ದರೂ 14.7 ಕೆ.ಜಿ. ತೂಗಬೇಕು. ನನ್ನದು 11.5. ಅದರಲ್ಲಿ ಮೇಲಿನ ಒಂದು ಇಂಚು ಮೆಮೊರಿ ಫೋಮು, ಲೇಬಲ್ ಪ್ರಕಾರ 50 ಡೆನ್ಸಿಟಿ, ಅದೇ 3.8 ಕೆ.ಜಿ. ಆಗುತ್ತದೆ. ಉಳಿದ 5 ಇಂಚಿಗೆ 7.7 ಕೆ.ಜಿ., ಅಂದರೆ ಡೆನ್ಸಿಟಿ ಸುಮಾರು 20. ಜಾಹೀರಾತೆಲ್ಲ ಆ ಒಂದು ಇಂಚಿನದ್ದು, ನನ್ನ ಭಾರ ಹೊತ್ತಿದ್ದು ಕೆಳಗಿನ ಐದು ಇಂಚು.

ಆದ್ದರಿಂದ ಬ್ರ್ಯಾಂಡೋ ಲೋಕಲ್ಲೋ ಅನ್ನುವ ಲೆಕ್ಕವನ್ನೇ ಬಿಡಿ. ಪ್ರತಿ ಪದರ ಎಷ್ಟು ಇಂಚು, ಎಷ್ಟು ಡೆನ್ಸಿಟಿ, ಒಟ್ಟು ತೂಕ ಎಷ್ಟು ಅಂತ ಇಬ್ಬರನ್ನೂ ಕೇಳಿ. ಯಾರು ಅದನ್ನು ಬಿಲ್ಲಿನ ಮೇಲೆ ಬರೆದುಕೊಡುತ್ತಾರೋ ಅವರ ಹತ್ತಿರ ತಗೊಳ್ಳಿ. ಕೆಳಗಿನ ಪದರ 32ಕ್ಕಿಂತ ಕಡಿಮೆ ಇದ್ದರೆ ನಾನಂತೂ 11,000ಕ್ಕೂ ಕೊಳ್ಳುವುದಿಲ್ಲ. ಬರೆದುಕೊಟ್ಟಿದ್ದು ತೂಕಕ್ಕೆ ತಾಳೆಯಾದರೆ 3 ವರ್ಷದ ವಾರಂಟಿ ಸಾಕು.

ತೂಕ ಒಂದನ್ನೇ ನಂಬಿಬಿಡಬೇಡಿ. ಫೋಮ್ ಚೂರು ಅಂಟಿಸಿ ಮಾಡಿದ ರೀಬಾಂಡೆಡ್ ಪದರ ಇದ್ದರೆ ತೂಕ ತುಂಬಾ ಜಾಸ್ತಿ ಬರುತ್ತದೆ, ಆಗ ಮೇಲಿನ ಲೆಕ್ಕ ನಡೆಯುವುದಿಲ್ಲ. ಕೆಲವರು ತೂಕಕ್ಕೆಂದೇ ಫೋಮಿಗೆ ಸುಣ್ಣಕಲ್ಲಿನ ಪುಡಿ ಬೆರೆಸುವುದೂ ಉಂಟು. ಜಿಪ್ ತೆಗೆಸಿ ಒಳಗಿನ ಅಂಚು ನೋಡಿ. ಬಣ್ಣ ಬಣ್ಣದ ಚೂರು ಕಂಡರೆ ರೀಬಾಂಡೆಡ್. ಬೆರಳಲ್ಲಿ ತಿಕ್ಕಿದಾಗ ಪುಡಿ ಉದುರಿದರೆ ಆ ಹಾಸಿಗೆ ಬೇಡ.